ಜೂನ್ ಬಿಲ್ಲು ಮಾರ್ಚ್‌ನಲ್ಲಿ ಹಳೆಯದಾ? ಒಂದು ಗೊಬ್ಬರದಂಗಡಿಯ ಬಾಕಿ ಲೆಕ್ಕ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಗೊಬ್ಬರ, ಔಷಧಿ ಮಾರುವ ಕುಟುಂಬವೊಂದರ ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರ, ಮೊತ್ತ ಬದಲಿಸಿದ್ದೇನೆ. ಅಂಗಡಿ ನಡೆಸುವವರು ಅಪ್ಪ. ಬಿ.ಕಾಂ. ಓದಿದ ಮಗಳು ಲೆಕ್ಕ ನೋಡುತ್ತಾಳೆ. ಬ್ಯಾಂಕಿನ ಸಾಲ ನವೀಕರಿಸಲು ಮಾರ್ಚ್ 31ರ ಬಾಕಿ ಪಟ್ಟಿ ಕೊಡಬೇಕಿತ್ತು. ಮಗಳು ಎಕ್ಸೆಲ್‌ನಲ್ಲಿ ಏಜಿಂಗ್, ಅಂದರೆ ಯಾವ ಬಾಕಿ ಎಷ್ಟು ದಿನ ಹಳೆಯದು ಅನ್ನುವ ಪಟ್ಟಿ ಮಾಡಿ, ವಸೂಲಾಗದ ಬಾಕಿಗೆಂದು ಲಾಭದಿಂದ ತೆಗೆದಿಡುವ ಮೊತ್ತ, ಅಂದರೆ ಪ್ರಾವಿಷನ್, 9,76,000 ರೂಪಾಯಿ ತೋರಿಸಿದ್ದಳು. ಅಪ್ಪನಿಗೆ ಸಿಟ್ಟು ಬಂದಿತ್ತು. ಇಬ್ಬರೂ ಮಾತು ಬಿಟ್ಟು ವಾರವಾದ ಮೇಲೆ ನನ್ನ ಹತ್ತಿರ ಬಂದರು.

"ನಮ್ಮ ಗಿರಾಕಿಗಳನ್ನೆಲ್ಲ ಮೋಸಗಾರರು ಅಂತ ಬರೆದಿದ್ದಾಳೆ ಮೇಡಂ. ಕಾಫಿ ಮಾರಿದ ಮೇಲೆ ಎಲ್ಲರೂ ಕೊಡ್ತಾರೆ" ಎಂದರು ಅಪ್ಪ.

"ಅಪ್ಪ, ಒಂದು ವರ್ಷದಿಂದ ಬರದೇ ಇರೋದೂ ಇದೆ ಅಲ್ವಾ?" ಎಂದಳು ಮಗಳು.

ಲ್ಯಾಪ್‌ಟಾಪ್ ತೆರೆಸಿ ನೋಡಿದೆ. ಒಟ್ಟು ಬಾಕಿ 40 ಲಕ್ಷ. 90 ದಿನದೊಳಗಿನದು 8 ಲಕ್ಷ, 91ರಿಂದ 180 ದಿನದ್ದು 7 ಲಕ್ಷ, 181ರಿಂದ 365 ದಿನದ್ದು 19 ಲಕ್ಷ, ವರ್ಷ ದಾಟಿದ್ದು 6 ಲಕ್ಷ. ಇವಕ್ಕೆ ಕ್ರಮವಾಗಿ ಶೇ. 2, 5, 25, 75 ಹಾಕಿದ್ದಳು. ಗುಣಾಕಾರ ಸರಿಯಾಗಿತ್ತು. ಆದರೆ ದಿನ ಎಣಿಸಿದ್ದು ಬಿಲ್ಲಿನ ತಾರೀಖಿನಿಂದ. ಶೇಕಡಾವಾರು ತಂದಿದ್ದು ಯಾವುದೋ ಪಾಠದ ಮಾದರಿಯಿಂದ.

ನಮ್ಮ ಕಡೆ ತೋಟದವರಿಗೆ ದುಡ್ಡು ಬರುವುದು ವರ್ಷಕ್ಕೊಂದು ಸಲ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಅದರ ಹಿಂದೆಯೇ ಜನವರಿ ಹೊತ್ತಿಗೆ. ಈ ಅಂಗಡಿಯ ಕರಾರಿನ ಪ್ರಕಾರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಬಿಲ್ಲುಗಳನ್ನು ಫೆಬ್ರವರಿ ಕೊನೆಗೆ ತೀರಿಸಬೇಕು. ಜನವರಿಯಿಂದ ಈಚೆಗಿನವು ಮುಂದಿನ ಫೆಬ್ರವರಿಗೆ. ಹಾಗಾದರೆ ಜೂನ್‌ನಲ್ಲಿ ಒಯ್ದ ಗೊಬ್ಬರದ ದುಡ್ಡು ಮಾರ್ಚ್ 31ಕ್ಕೆ ತಡವಾಗಿರುವುದು 31 ದಿನ ಮಾತ್ರ. ಮಗಳ ಪಟ್ಟಿಯಲ್ಲಿ ಅದು ಒಂಬತ್ತು ತಿಂಗಳು ಹಳೆಯದಾಗಿ, ನಾಲ್ಕನೇ ಒಂದು ಭಾಗ ಹೋಯಿತು ಅನ್ನುವ ಸಾಲಿನಲ್ಲಿ ಕೂತಿತ್ತು.

C ಕಾಲಂನಲ್ಲಿ ಬಿಲ್ಲಿನ ತಾರೀಖು, H1ರಲ್ಲಿ ಮಾರ್ಚ್ 31 ಇಟ್ಟು, ಎರಡು ಹೊಸ ಕಾಲಂ ಹಾಕಿಸಿದೆ. D ಕಾಲಂ ದುಡ್ಡು ಕೊಡಬೇಕಾದ ದಿನ, E ಕಾಲಂ ತಡವಾದ ದಿನ:

```
D2: =DATE(YEAR(C2)+1,3,0)
E2: =MAX(0,$H$1-D2)
```

ಮಾರ್ಚ್‌ನ ಸೊನ್ನೆಯ ದಿನ ಅಂದರೆ ಎಕ್ಸೆಲ್ ಫೆಬ್ರವರಿಯ ಕೊನೆಯ ದಿನ ಕೊಡುತ್ತದೆ. ಕೆಲವು ಸಾಲುಗಳಲ್ಲಿ #VALUE! ಬಂತು. ಅಲ್ಲಿ ತಾರೀಖು ಅಕ್ಷರವಾಗಿ ಕೂತಿತ್ತು, ಅದನ್ನು ಮತ್ತೆ ಟೈಪ್ ಮಾಡಿದಳು.

ದಿನಗಳ ಗುಂಪು ಬಿಟ್ಟು ಸೀಸನ್ ಲೆಕ್ಕದಲ್ಲಿ ಮೂರು ಗುಂಪು ಮಾಡಿದೆವು: ಇನ್ನೂ ಅವಧಿ ಬಾರದ್ದು, ಈ ಸೀಸನ್‌ನಲ್ಲಿ ಬರಬೇಕಿದ್ದು ಬಾರದ್ದು, ಹಿಂದಿನ ಸೀಸನ್‌ಗಳಿಂದ ಉಳಿದದ್ದು. ವರ್ಷ ದಾಟಿದ 6 ಲಕ್ಷವೆಲ್ಲ ಹಿಂದಿನ ಸೀಸನ್‌ಗಳದ್ದೇ ಆಗಿತ್ತು. ಅದರಲ್ಲಿ 2 ಲಕ್ಷ ಒಬ್ಬರೇ ಗಿರಾಕಿಯದು. ತೋಟ ಮಾರಿ ಊರು ಬಿಟ್ಟಿದ್ದರು, ಕೊಟ್ಟ ಚೆಕ್ಕೂ ವಾಪಸ್ ಬಂದಿತ್ತು. ಹೀಗೆ ಕಥೆ ಗೊತ್ತಿರುವ ಬಾಕಿಯನ್ನು ಸರಾಸರಿಗೆ ಸೇರಿಸಬಾರದು. ಹೊರಗೆ ತೆಗೆದು ಬೇರೆಯೇ ನೋಡಬೇಕು. ಅವರ ಅಣ್ಣನಿಂದ 50,000 ಬರಬಹುದು ಎಂದರು ಅಪ್ಪ. ಉಳಿದ 1,50,000ಕ್ಕೆ ಪೂರ್ತಿ ಪ್ರಾವಿಷನ್ ಇಟ್ಟೆವು.

ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿದ್ದು ಬಿಲ್ಲುಗಳನ್ನು ಒಂದೊಂದಾಗಿ ನೋಡುವಾಗ. ಮಾರ್ಚ್‌ನಲ್ಲಿ 40,000ದ ಒಂದು ಬಿಲ್ಲು, 60,000ದ ಇನ್ನೊಂದು. ಎರಡೂ ದುಂಡು ಮೊತ್ತ. ಗೊಬ್ಬರದ ಬಿಲ್ಲು ಹೀಗೆ ದುಂಡಗೆ ಬರುವುದು ಅಪರೂಪ. ಸ್ಟಾಕ್ ಪುಸ್ತಕ ತೆಗೆಸಿದೆ. ಆ ದಿನ ಆ ಹೆಸರಿಗೆ ಒಂದು ಮೂಟೆಯೂ ಹೊರಗೆ ಹೋಗಿರಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಳೇ ಬಿಲ್ಲು ಹರಿದು ಹೊಸದು ಬರೆದೆ ಮೇಡಂ. ಗಿರಾಕಿಗೂ ಮುಜುಗರ ಇರಲ್ಲ, ಪುಸ್ತಕವೂ ನೋಡೋಕೆ ಚೆನ್ನಾಗಿರುತ್ತೆ."

ಏಜಿಂಗ್ ಪಟ್ಟಿಯನ್ನು ಇದಕ್ಕಿಂತ ಜಾಸ್ತಿ ಕೆಡಿಸುವುದು ಯಾವುದೂ ಇಲ್ಲ. ಎರಡು ಸೀಸನ್ ದಾಟಿದ ಬಾಕಿ ಹೊಸ ತಾರೀಖು ಹಾಕಿಕೊಂಡು ಎಲ್ಲಕ್ಕಿಂತ ಸುರಕ್ಷಿತ ಗುಂಪಿಗೆ ಹೋಗಿ ಕೂರುತ್ತದೆ. ಹಳೆಯ ಬಿಲ್ಲು ತೀರಿದಂತೆ ಕಾಣುವುದರಿಂದ ನಷ್ಟದ ಇತಿಹಾಸವೂ ಸುಳ್ಳಾಗುತ್ತದೆ. ಮಾರಾಟವಿಲ್ಲದೆ ಬಿಲ್ಲು ಬರೆದರೆ ಜಿಎಸ್‌ಟಿ ಲೆಕ್ಕದಲ್ಲೂ ತೊಂದರೆ. ಅದನ್ನು ಆಡಿಟರ್ ಹತ್ತಿರ ಕೂಡಲೇ ಸರಿಪಡಿಸಿಕೊಳ್ಳಲು ಹೇಳಿದೆ. ಆ ಒಂದು ಲಕ್ಷವನ್ನು ಹಳೆಯ ಗುಂಪಿಗೆ ವಾಪಸ್ ತಂದೆವು. ಹಿಂದಿನ ವರ್ಷಗಳಲ್ಲಿ ಹೀಗೆ ಬದಲಾದ ಬಿಲ್ಲುಗಳನ್ನೂ ಅಪ್ಪನೇ ನೆನಪಿಸಿಕೊಂಡು ಗುರುತು ಹಾಕಿಕೊಟ್ಟರು.

ಶೇಕಡಾವಾರು ತೆಗೆದಿದ್ದು ಆ ತಿದ್ದಿದ ಪುಸ್ತಕಗಳಿಂದಲೇ. ಆಮೇಲೆ ಎರಡು ಸೀಸನ್ ಕಳೆದಿರುವ ಹಿಂದಿನ ಮೂರು ವರ್ಷಗಳನ್ನು ತೆಗೆದುಕೊಂಡೆವು. ಅವುಗಳ ಮಾರ್ಚ್ 31ರಂದು ಸೀಸನ್ ಬಾಕಿ ಒಟ್ಟು 60 ಲಕ್ಷ ಇತ್ತು. ಮುಂದಿನ ಎರಡು ಸೀಸನ್ ಕಳೆದರೂ ಬಾರದೆ ಉಳಿದಿದ್ದು 2,40,000. ಅಂದರೆ ಶೇ. 4. ಬಿಲ್ಲು ಬದಲಿಸಿದ್ದನ್ನು ತಿದ್ದುವ ಮೊದಲು ಇದು ಶೇ. 3 ಬರುತ್ತಿತ್ತು. ಹಳೆಯ ಸೀಸನ್‌ಗಳ ಬಾಕಿಗೆ ಶೇ. 45, ಅವಧಿ ಬಾರದ್ದಕ್ಕೆ ಶೇ. 1 ಸಿಕ್ಕಿತು.

ಈಗ ಅವಧಿ ಬಾರದ 7 ಲಕ್ಷಕ್ಕೆ 7,000. ಸೀಸನ್ ಬಾಕಿ 26 ಲಕ್ಷಕ್ಕೆ 1,04,000. ಹಳೆಯ 5 ಲಕ್ಷಕ್ಕೆ 2,25,000. ಬೇರೆ ತೆಗೆದಿಟ್ಟ ಗಿರಾಕಿಯದು 1,50,000. ಒಟ್ಟು 4,86,000.

ಇತಿಹಾಸ ಹೇಳದ ಒಂದು ಮಾತು ಉಳಿದಿತ್ತು. ಹಿಂದಿನ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಅವರ ಕೆಲವು ಗಿರಾಕಿಗಳ ತೋಟದಲ್ಲಿ ಕಾಯಿ ಉದುರಿ ಫಸಲು ಕೈಕೊಟ್ಟಿತ್ತು. ಅವರ ಬಾಕಿ 6 ಲಕ್ಷ. ಅದಕ್ಕೆ ಮಾತ್ರ ಶೇ. 4ರ ಬದಲು 8 ಹಾಕಿ, 24,000 ಸೇರಿಸಿದೆವು. ಇದು ಅಂದಾಜು. ಕಾರಣವನ್ನು ಪಕ್ಕದ ಕಾಲಂನಲ್ಲಿ ಬರೆಸಿದೆ, ಮುಂದಿನ ವರ್ಷ ನೋಡುವವರಿಗೆ ತಿಳಿಯಬೇಕಲ್ಲ. ಕೊನೆಯ ಮೊತ್ತ 5,10,000.

ಅಪ್ಪನ ನಿಜವಾದ ಭಯ ಬೇರೆಯೇ ಇತ್ತು: "ಪ್ರಾವಿಷನ್ ಬರೆದರೆ ಸಾಲ ಮನ್ನಾ ಮಾಡಿದ ಹಾಗಲ್ವಾ?" ಅಲ್ಲ. ಗಿರಾಕಿಯ ಖಾತೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಲಾಭದಿಂದ 5,10,000 ಕಳೆದು, ಪ್ರಾವಿಷನ್ ಅನ್ನುವ ಬೇರೆ ಖಾತೆಗೆ ಹಾಕುತ್ತೇವೆ, ಅಷ್ಟೇ. ಹಿಂದೆ ಎಂದೂ ಇಟ್ಟಿರದ ಕಾರಣ ಪೂರ್ತಿ ಭಾರ ಈ ವರ್ಷವೇ ಬೀಳುತ್ತದೆ. ಮುಂದಿನ ವರ್ಷ ವ್ಯತ್ಯಾಸ ಮಾತ್ರ. ಆದಾಯ ತೆರಿಗೆಯಲ್ಲಿ ಈ ಪ್ರಾವಿಷನ್‌ಗೆ ವಿನಾಯಿತಿ ಸಿಗುವುದಿಲ್ಲ. ಬಾಕಿಯನ್ನು ಪುಸ್ತಕದಿಂದ ನಿಜವಾಗಿ ತೆಗೆದುಹಾಕಿದ ವರ್ಷದಲ್ಲೇ ಕೇಳಬೇಕು. ಇದನ್ನು ಮಗಳು ತಿಳಿದುಕೊಂಡಿರಲಿಲ್ಲ.

ಬಿಲ್ಲು ಬದಲಿಸುವ ಬದಲು ಏನು ಮಾಡಬೇಕೆಂದೂ ಹೇಳಿದೆ. ಮಾರಿದ ಸರಕಿನ ದುಡ್ಡಿಗೆ ಕೋರ್ಟಿಗೆ ಹೋಗಲು, ಕೊಡಬೇಕಾದ ದಿನದಿಂದ 3 ವರ್ಷದ ಗಡುವಿದೆ. ಆ ಗಡುವಿನೊಳಗೆ ಗಿರಾಕಿ "ಇಷ್ಟು ಬಾಕಿ ಇದೆ" ಎಂದು ಬರೆದು ಸಹಿ ಹಾಕಿದರೆ, ಸಹಿಯ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಅಂಗಡಿಯವರೇ ಬರೆದುಕೊಂಡ ಹೊಸ ಬಿಲ್ಲಿನಿಂದ ಅದು ಸಿಗುವುದಿಲ್ಲ. ಸಹಿ ಕೇಳುವ ಕೆಲಸ ಅಪ್ಪನದು, ಅವರ ಮಾತಿಗೆ ಗಿರಾಕಿಗಳಲ್ಲಿ ಬೆಲೆ ಇದೆ. ಹಳೆಯ ತಾರೀಖನ್ನು ಹಾಗೇ ಉಳಿಸುವುದು ಮಗಳ ಕೆಲಸ.

ಮುಂದಿನ ಮಾರ್ಚ್‌ಗೆ ಒಂದು ಪರೀಕ್ಷೆಯನ್ನೂ ಹಾಳೆಯಲ್ಲೇ ಬರೆಸಿದ್ದೇನೆ. ಈ 26 ಲಕ್ಷದಲ್ಲಿ ಕೊನೆಗೆ ಮುಳುಗುವುದು 1,28,000 ಎಂದು ನಮ್ಮ ಲೆಕ್ಕ. ಮುಂದಿನ ಸೀಸನ್ ಮುಗಿದಾಗ ಉಳಿಯುವ ಮೊತ್ತ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಏಕೆಂದರೆ ಇವರ ಹಳೆಯ ಬಾಕಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮೇಲೆ ಬರುತ್ತದೆ. ಆದರೆ ಅದು 3 ಲಕ್ಷ ದಾಟಿದರೆ ಶೇ. 4 ಸಾಲದು ಎಂದರ್ಥ. ಆಗ ದರ ಏರಿಸಬೇಕು, ಜೊತೆಗೆ ಆ ಹೆಸರುಗಳಿಗೆ ಹೊಸ ಸಾಲ ಕೊಡುವ ಮೊದಲು ಅಪ್ಪ ಮಗಳು ಇಬ್ಬರೂ ಕೂತು ನೋಡಬೇಕು ಎಂದು ಒಪ್ಪಿದ್ದಾರೆ.