ಒತ್ತಿನ ಮಾತ್ರೆ ಎಲ್ಲಿಂದ ಬಂತು? ‘ಕತೆ–ಕತ್ತೆ’ ಜೋಡಿ ಸಾಕಾಗುವುದಿಲ್ಲ

ಪ್ರಾಜೆಕ್ಟ್ ಬರೆಯುತ್ತಿರುವ ಒಬ್ಬರು ನಮ್ಮ ಗುಂಪಿನಲ್ಲಿ ಕೇಳಿದ್ದಾರೆ: “‘ಕತೆ’ಯಲ್ಲಿ ಮೊದಲ ಅಕ್ಷರ ಲಘು, ‘ಕತ್ತೆ’ಯಲ್ಲಿ ಗುರು. ಹಾಗಾದರೆ ‘ತ್ತ’ದಂಥ ದ್ವಿತ್ವಕ್ಕೆ ಹುಟ್ಟಿನಿಂದಲೇ ಒಂದು ಮೋರಾ, ಅಂದರೆ ಒಂದು ಮಾತ್ರೆಯ ತೂಕ, ಇದೆ ಅಂತ ಸಾಬೀತಾಯ್ತು ಅಲ್ವಾ? ಫೋನಲ್ಲಿ ರೆಕಾರ್ಡ್ ಮಾಡಿ ಅಳೆದೆ, ‘ತ್ತ’ ಉದ್ದವೇ ಇದೆ. ಪ್ರಾಜೆಕ್ಟಿನಲ್ಲಿ ಹೀಗೇ ಬರೆಯಲಾ?”

ಬರೆಯಬೇಡಿ. ನಾನೂ ಇದೇ ಸಾಲು ಬರೆದು ಗೈಡ್ ಹತ್ತಿರ ತಿದ್ದಿಸಿಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

‘ಹಸ್ತ’ ಹಾಕಿ ನೋಡಿ. ಅಲ್ಲಿ ದ್ವಿತ್ವ ಇಲ್ಲ, ಆದರೂ ‘ಹ’ ಗುರುವೇ. ‘ಹಂದಿ’ಯೂ ಅಷ್ಟೇ. ಕನ್ನಡದಲ್ಲಿ ಉಚ್ಚಾರಾಂಶವನ್ನು ಮುಚ್ಚುವ ಯಾವ ವ್ಯಂಜನವಾದರೂ ಒಂದು ಮಾತ್ರೆ ತರುತ್ತದೆ. ಹಾಗಾಗಿ ‘ಕತ್ತೆ’ಯ ಮಾತ್ರೆ ಹುಟ್ಟಿನಿಂದ ಬಂತೋ, ಕೂತ ಜಾಗದಿಂದ ಬಂತೋ ಅಂತ ಗುರು ಲಘು ಹಾಕಿ ತಿಳಿಯುವುದಿಲ್ಲ. 1989ರಲ್ಲಿ ಭಾಷಾವಿಜ್ಞಾನಿ ಬ್ರೂಸ್ ಹೇಯ್ಸ್ ಈ ಎರಡನ್ನೂ ಬೇರೆ ಮಾಡಿದರು. ದ್ವಿತ್ವಕ್ಕೆ ಮೊದಲೇ ಮೋರಾ ಇರುತ್ತದೆ, ಉಳಿದ ವ್ಯಂಜನಕ್ಕೆ ಕೆಲವು ಭಾಷೆಗಳಲ್ಲಿ ಮಾತ್ರ ಜಾಗದಿಂದ ಸಿಗುತ್ತದೆ ಅಂದರು. ನಿಮ್ಮ ಜೋಡಿ ಎರಡು ವಿವರಣೆಗೂ ಒಗ್ಗುತ್ತದೆ.

ಅದೇ ಪ್ರಶ್ನೆಗೆ ಉತ್ತರವಾಗಿ ಛಂದಸ್ಸಿನ ಮೇಷ್ಟ್ರೊಬ್ಬರು “ಒತ್ತಿನ ಹಿಂದಿನದು ಗುರು, ಮುಗೀತು” ಅಂದಿದ್ದಾರೆ. ನಿಯಮ ಸರಿ ಸಾರ್. ಆದರೆ ಅದು ಮಾತ್ರೆ ಎಷ್ಟು ಅಂತ ಹೇಳುತ್ತದೆ, ಎಲ್ಲಿಂದ ಅಂತ ಹೇಳುವುದಿಲ್ಲ. ಅಲ್ಲೇ ‘ಮಗ ‘ಹಳ್ಳಿ’ಗೆ ‘ಹಳಿ’ ಬರೆಯುತ್ತಾನೆ’ ಅಂದ ಮೇಡಂ, ನಿಮ್ಮದು ಬರವಣಿಗೆಯ ವಿಷಯ. ಬಾಯಲ್ಲಿ ಎರಡನ್ನೂ ಬೇರೆ ಬೇರೆ ಹೇಳುತ್ತಾನಾ ಕೇಳಿ ನೋಡಿ. ಹೇಳಿದರೆ ಸುಮ್ನೆ ಗಾಬರಿ ಬೇಡ.

ನನಗೆ ಕೆಲಸಕ್ಕೆ ಬಂದದ್ದು ತಮಿಳು. ಬೆಂಗಳೂರಿನ ಹಲಸೂರಿನಲ್ಲಿ ತಮಿಳು ಕೇಳುತ್ತಾ ಬೆಳೆದವರಿಗೆ ಇದು ಕಿವಿಯಲ್ಲೇ ಇರುತ್ತದೆ. ಅವರ ಆಟ್ಟಂ ನಮ್ಮ ಆಟ. ಓಟ್ಟಂ ಓಟ, ಕೂಟ್ಟಂ ಕೂಟ, ತೋಟ್ಟಂ ತೋಟ, ನೋಟ್ಟಂ ನೋಟ. ಆದರೆ ‘ಕಟ್ಟು’ ಎರಡೂ ಕಡೆ ‘ಕಟ್ಟು’ವೇ, ಅವರ ‘ಅಕ್ಕಾ’ದಲ್ಲೂ ನಮ್ಮ ‘ಅಕ್ಕ’ದಲ್ಲೂ ‘ಕ್ಕ’ ಹಾಗೇ ಇದೆ. ಹ್ರಸ್ವದ ನಂತರ ದ್ವಿತ್ವ ಉಳಿಯಿತು, ದೀರ್ಘದ ನಂತರ ಒಂಟಿಯಾಯಿತು. ದೀರ್ಘ ಸ್ವರಕ್ಕೆ ಎರಡು ಮಾತ್ರೆ ಆಗಲೇ ತುಂಬಿದೆ, ಮುಚ್ಚುವ ‘ಟ್’ ಸೇರಿದರೆ ಮೂರಾಗುತ್ತದೆ. ಕನ್ನಡ ಎರಡಕ್ಕೆ ನಿಲ್ಲಿಸಿತು. (ಕನ್ನಡ ತಮಿಳಿನಿಂದ ಬಂತು ಅಂತ ಯಾರೂ ಓದಿಕೊಳ್ಳಬೇಡಿ. ಎರಡಕ್ಕೂ ಹಿರಿಯ ಭಾಷೆ ಒಂದೇ.) ಹಳೆಯ ದ್ವಿತ್ವದ ಗುರುತು ಇನ್ನೂ ಇದೆ: ‘ಆಡು’ವಿನಲ್ಲಿ ‘ಡ’, ‘ಆಟ’ದಲ್ಲಿ ‘ಟ’.

ಇಲ್ಲಿಗೆ ಬಂದು “ಹಾಗಾದರೆ ದ್ವಿತ್ವಕ್ಕೆ ಹುಟ್ಟಿನ ಮೋರಾ ಇದೆ” ಅಂತ ಹಾರಬೇಡಿ. ಹಳಗನ್ನಡದ ‘ದಾಂಟು’ ಈಗ ‘ದಾಟು’, ‘ಬೇಂಟೆ’ ಈಗ ‘ಬೇಟೆ’. ಅಲ್ಲಿ ಬಿದ್ದದ್ದು ದ್ವಿತ್ವ ಅಲ್ಲ, ಅನುನಾಸಿಕ. ಅಂದರೆ ದೀರ್ಘದ ನಂತರ ಮುಚ್ಚುವ ಯಾವ ವ್ಯಂಜನವೂ ಹಳೆಯ ಪದಗಳಲ್ಲಿ ಕಷ್ಟವಾಗಿತ್ತು. ಉಚ್ಚಾರಾಂಶಕ್ಕೆ ಎರಡು ಮಾತ್ರೆಯ ಮಿತಿ ಇತ್ತು ಅಂತ ಧೈರ್ಯವಾಗಿ ಬರೆಯಿರಿ. ಹುಟ್ಟಿನ ಮಾತು ಅದರಿಂದ ಬರುವುದಿಲ್ಲ. ಸಂಸ್ಕೃತದಿಂದ ಬಂದ ‘ಶಾಂತಿ’, ‘ಪ್ರಾಪ್ತ’ ಈ ಮಿತಿಯ ಹೊರಗೆ, ಅವನ್ನು ಪಟ್ಟಿಯಲ್ಲಿ ಬೆರೆಸಿ ಲೆಕ್ಕ ಕೆಡಿಸಬೇಡಿ. ಸ್ನೇಹಿತರೊಬ್ಬರು ‘ಹಾಕ್ಕೊಂಡು’ ಏನು ಮಾಡ್ತೀರಿ ಅಂತ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ‘ಹಾಕಿಕೊಂಡು’ವಿನ ‘ಇ’ ಬಿದ್ದು ಎರಡು ‘ಕ’ ಅಂಟಿವೆ, ಪದದ ಒಳಗಿನ ದ್ವಿತ್ವ ಅಲ್ಲ. ಆದರೆ ಬಾಯಲ್ಲಿ ಆ ‘ಹಾಕ್’ ಮೂರು ಮಾತ್ರೆಯಾ, ‘ಆ’ ಸ್ವಲ್ಪ ಕುಗ್ಗುತ್ತದಾ? ನನ್ನ ಮಟ್ಟಿಗೆ ಅದು ತೆರೆದ ಪ್ರಶ್ನೆ.

ಹುಟ್ಟಿನ ಮೋರಾಕ್ಕೆ ಪರೀಕ್ಷೆ ಬೇಕಾದರೆ ಬೇರೆ ವ್ಯಂಜನ ಮುಚ್ಚಿದರೆ ಲಘು ಆಗುವ ಭಾಷೆ ಬೇಕು. ಸೈಬೀರಿಯಾದ ಸೆಲ್ಕುಪ್ ಭಾಷೆ ಅಂಥದ್ದು. ಅಲ್ಲಿ ಸ್ಟ್ರೆಸ್, ಅಂದರೆ ಪದದಲ್ಲಿ ಒತ್ತಿ ಹೇಳುವ ಜಾಗ, ದೀರ್ಘ ಸ್ವರವನ್ನು ಹುಡುಕುತ್ತದೆ, ದ್ವಿತ್ವ ಮುಚ್ಚಿದ ಉಚ್ಚಾರಾಂಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 1991ರಲ್ಲಿ ಭಾಷಾವಿಜ್ಞಾನಿ ಟ್ರಾನೆಲ್ ಇದನ್ನೇ ಹೇಯ್ಸ್ ವಿರುದ್ಧ ಮುಂದಿಟ್ಟರು. ಜಗಳ ಇನ್ನೂ ನಡೆಯುತ್ತಿದೆ.

ಇನ್ನು ನಿಮ್ಮ ಅಳತೆ. ಸೆಕೆಂಡು ಮೋರಾ ಅಲ್ಲ. ಭಾಷೆಗಳಲ್ಲಿ ದ್ವಿತ್ವ ಸಾಮಾನ್ಯವಾಗಿ ಒಂಟಿಯ ಒಂದೂವರೆಯಿಂದ ಮೂರು ಪಟ್ಟು ಉದ್ದ ಇರುತ್ತದೆ. ಈ ಪಟ್ಟು ನೋಡಿ ಮೋರಾ ಎಣಿಸಲು ಆಗುವುದಿಲ್ಲ. ಚಾಟ್ ಆಪಿನ ವಾಯ್ಸ್ ನೋಟ್ ದಯವಿಟ್ಟು ಬಳಸಬೇಡಿ. ಗದ್ದಲ ತೆಗೆಯುವ ಸೆಟ್ಟಿಂಗ್ ‘ತ್ತ’ದ ಮೌನದ ಅಂಚನ್ನೇ ತಿಂದುಬಿಡುತ್ತದೆ. WAV ಆಗಿ ರೆಕಾರ್ಡ್ ಮಾಡಿ, ಧ್ವನಿ ಅಳೆಯುವ Praat ಎಂಬ ತಂತ್ರಾಂಶದಲ್ಲಿ ತೆರೆಯಿರಿ. ಅದು ಉಚಿತ, ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ‘ಅವನು ಕತ್ತೆ ಅಂತ ಹೇಳಿದ’ ಅಂತ ಒಂದೇ ವಾಕ್ಯದ ಒಳಗಿಟ್ಟು ಹೇಳಿಸಿ. ಪದವನ್ನು ಒಂಟಿಯಾಗಿ ಓದಿಸಿದರೆ ಎಲ್ಲರೂ ಪಾಠ ಹೇಳುವ ಹಾಗೆ ಎಳೆಯುತ್ತಾರೆ. ಮುಂಚಿನ ಸ್ವರದ ಎರಡನೇ ಫಾರ್ಮಂಟ್, ಅಂದರೆ ಧ್ವನಿಚಿತ್ರದಲ್ಲಿ ಕೆಳಗಿನಿಂದ ಎರಡನೇ ಕಪ್ಪು ಪಟ್ಟಿ, ನಿಂತಲ್ಲಿಂದ ‘ತ’ ಸಿಡಿಯುವವರೆಗೆ ಅಳೆಯಿರಿ. ಸ್ವರವನ್ನೂ ಬೇರೆ ಅಳೆಯಿರಿ, ದ್ವಿತ್ವಕ್ಕೆ ಮೊದಲು ಬಂದಾಗ ಕುಗ್ಗುತ್ತದಾ ಅಂತ ತಿಳಿಯಬೇಕು. ‘ಹಳಿ–ಹಳ್ಳಿ’ಯಲ್ಲಿ ಮೌನವೇ ಇಲ್ಲ, ಅಂಚು ಹುಡುಕುವುದು ಕಷ್ಟ. ಮೊದಲು ‘ತ’, ‘ಕ’, ‘ಪ’ ಮುಗಿಸಿ. ಜೋಡಿಗಳ ಪಕ್ಕದಲ್ಲಿ ‘ಹಸ್ತ’ದಂಥ ಒಂದಷ್ಟು ಪದ ಇರಲೇಬೇಕು.