ಬೆಳಕು ಮರಳಿ ಬೀಳುವುದಿಲ್ಲ

"ಸರ್, ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಬಗ್ಗೆ ಲೇಖನ ಕಳಿಸಿದ್ದೇನೆ. 'ಘಟನಾ ದಿಗಂತ ಎಂಬ ಗಡಿಯೊಳಗೆ ವಿಮೋಚನಾ ವೇಗ ಬೆಳಕಿನ ವೇಗವನ್ನೂ ಮೀರುತ್ತದೆ. ಹೀಗಾಗಿ ಬೆಳಕು ಮೇಲೇರಿ, ಸೋತು, ಮರಳಿ ಬೀಳುತ್ತದೆ. ಆ ಗಡಿ ಮುಟ್ಟಿದ ಗಗನಯಾತ್ರಿ ಅಲ್ಲೇ ಚಿಂದಿಯಾಗುತ್ತಾನೆ.' ಈ ಭಾಗ ಓದುಗರಿಗೆ ಅರ್ಥವಾಗುತ್ತದೆಯೇ?"

ನಮಸ್ಕಾರ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ನೀವು ಕೇಳಿದ ಭಾಗ ಅರ್ಥವೂ ಆಗುತ್ತದೆ. ಆಗುವ ಅರ್ಥವೇ ತಪ್ಪು, ಅದಕ್ಕೇ ಎರಡು ದಿನದಿಂದ ಅದು ನನ್ನನ್ನು ಬಿಟ್ಟಿಲ್ಲ.

ಮೊದಲು "ಮೇಲೇರಿ, ಸೋತು, ಮರಳಿ ಬೀಳುತ್ತದೆ". ಇದು 1783ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಮಿಚೆಲ್ ಕಂಡ ಚಿತ್ರ. ವಿಮೋಚನಾ ವೇಗ ಎಂದರೆ ಮರಳಿ ಬೀಳದೆ ತಪ್ಪಿಸಿಕೊಳ್ಳಲು ಬೇಕಾದ ವೇಗ, ಅದರ ಲೆಕ್ಕ ಎಸೆದ ಕಲ್ಲಿಗೆ ಮಾತ್ರ. ಎಂಜಿನ್ ಉರಿಯುತ್ತಲೇ ಇರುವ ರಾಕೆಟ್ಟು ಭೂಮಿಯಿಂದ ನಿಧಾನವಾಗಿಯೇ ಏರಿಹೋಗಬಹುದು. ಹಾಗಾದರೆ ಕಪ್ಪುಕುಳಿಯಿಂದಲೂ ಏರಬಹುದಲ್ಲ ಎಂದು ಓದುಗ ಕೇಳಿದರೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಇದೇ ವಾಕ್ಯ ಬರೆದಿದ್ದೆ. ಹಿರಿಯ ಸಂಪಾದಕರು ಕರಡಚ್ಚಿನ ಅಂಚಿನಲ್ಲಿ ಪೆನ್ಸಿಲಿನಿಂದ "ಎಷ್ಟು ದೂರ ಏರಿ?" ಎಂದಷ್ಟೇ ಗುರುತು ಹಾಕಿದರು. ಮೂರು ದಿನ ಹುಡುಕಿದೆ. ಉತ್ತರ: ಒಂದು ಅಂಗುಲವೂ ಇಲ್ಲ. ದಿಗಂತದ ಮೇಲಿಂದಲೇ ಹೊರಗೆ ಹಾಯಿಸಿದ ಬೆಳಕು ಇದ್ದಲ್ಲೇ ಉಳಿಯುತ್ತದೆ. ಅದಕ್ಕಿಂತ ಒಳಗೆ, ಹೊರಗೆ ಹಾಯಿಸಿದ ಬೆಳಕೂ ಹುಟ್ಟಿದ ಕ್ಷಣದಿಂದ ಕೇಂದ್ರದತ್ತಲೇ ಸಾಗುತ್ತದೆ. ಅಲ್ಲಿ ದೇಶಕಾಲ ಅಷ್ಟು ವಾಲಿರುತ್ತದೆ. ಕೇಂದ್ರ ಎಂಬುದು ಒಂದು ದಿಕ್ಕಾಗಿ ಉಳಿದಿರುವುದಿಲ್ಲ, ನಾಳೆ ಇದ್ದಹಾಗೆ ಮುಂದೆ ಬಂದೇ ಬರುವ ಹೊತ್ತಾಗಿರುತ್ತದೆ. ಯಾವ ಎಂಜಿನ್ನೂ ನಾಳೆಯನ್ನು ತಪ್ಪಿಸದು. ಹೊರಬರಲಾಗದಿರುವುದಕ್ಕೆ ಇದೇ ಕಾರಣ, ಶಕ್ತಿ ಸಾಲದೆ ಅಲ್ಲ.

ಇನ್ನು "ಅಲ್ಲೇ ಚಿಂದಿಯಾಗುತ್ತಾನೆ". ಸೀಳುವುದು ಸೆಳೆತವಲ್ಲ, ತಲೆಗೂ ಕಾಲಿಗೂ ನಡುವಿನ ಸೆಳೆತದ ವ್ಯತ್ಯಾಸ. ಹತ್ತು ಸೂರ್ಯರಷ್ಟು ತೂಕದ ಕಪ್ಪುಕುಳಿಯಾದರೆ ದಿಗಂತ ಕೇಂದ್ರದಿಂದ ಬರೀ 30 ಕಿಲೋಮೀಟರ್, ಅಲ್ಲಿಗೆ ತಲುಪುವ ಮೊದಲೇ ಅವನ ಕಥೆ ಮುಗಿದಿರುತ್ತದೆ. ಆದರೆ ನೀವು ಬರೆದಿರುವುದು ನಮ್ಮ ಗ್ಯಾಲಕ್ಸಿಯ ನಡುವಿನ ಸ್ಯಾಜಿಟೇರಿಯಸ್ ಎ* ಬಗ್ಗೆ. ಅದು ಸುಮಾರು 43 ಲಕ್ಷ ಸೂರ್ಯರಷ್ಟು ತೂಕದ್ದು, ದಿಗಂತ ಸುಮಾರು 1.27 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಎರಡು ಮೀಟರಿನ ಮೈಯ ಎರಡು ತುದಿಗಳ ನಡುವಿನ ವ್ಯತ್ಯಾಸ ಭೂಮಿಯ ಸೆಳೆತದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ತಾನಾಗಿ ಬೀಳುತ್ತಿರುವವನಿಗೆ ಗಡಿ ದಾಟಿದ್ದೇ ಗೊತ್ತಾಗದು, ಗೋಡೆಯಿಲ್ಲ, ಗೆರೆಯಿಲ್ಲ. ಕಪ್ಪುಕುಳಿ ತಿರುಗುತ್ತಿಲ್ಲ ಎಂದುಕೊಂಡರೆ, ಎಂಜಿನ್ನನ್ನು ಹೇಗೆ ಹಚ್ಚಿದರೂ ಆಮೇಲೆ ಅವನ ಗಡಿಯಾರದಲ್ಲಿ ಉಳಿಯುವುದು ಹೆಚ್ಚೆಂದರೆ 66 ಸೆಕೆಂಡು. ಚಿಂದಿಯಾಗುವುದು ಕೊನೆಯ ಸೆಕೆಂಡಿನೊಳಗೆ.

ಆ ಒಂದು ನಿಮಿಷವನ್ನು ಬರೆದು ಕಳಿಸಿ. ಉಳಿದ ಪುಟಗಳನ್ನು ಆಮೇಲೆ ನೋಡೋಣ.