ಎಂಟು ಗಂಟೆ ಮಲಗಿದರೂ ತೀರದ ನಿದ್ದೆ

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ದೂರದೂರಿಗೆ ಲಾರಿ ಓಡಿಸುತ್ತಿದ್ದೇನೆ. ರಾತ್ರಿ ಎಂಟು ಗಂಟೆ ಮಲಗಿದರೂ ಹಗಲು ಸ್ಟೇರಿಂಗ್ ಹಿಡಿದರೆ ಕಣ್ಣು ಎಳೆಯುತ್ತದೆ. ಗೊರಕೆಯ ನಡುವೆ ನನ್ನ ಉಸಿರು ನಿಲ್ಲುತ್ತದೆ ಎಂದು ಹೆಂಡತಿ ಹೆದರುತ್ತಾಳೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿರುವ ಸಾಧ್ಯತೆ ಬಹಳ ಹೆಚ್ಚು. ನಿಮ್ಮದೇ ವೃತ್ತಿಯಲ್ಲಿದ್ದ, ನಾನು ಚಿಕಿತ್ಸೆ ನೀಡಿದ ಒಬ್ಬರ ಕಥೆ ಕೇಳಿದರೆ ಅದು ಹೇಗೆಂದು ತಿಳಿಯುತ್ತದೆ.

ಅವರಿಗೆ ಆಗ 47 ವರ್ಷ. ಬೆಳಗಿನ ಹತ್ತು ಗಂಟೆಗೆ, ನೇರವಾದ ಹೆದ್ದಾರಿಯಲ್ಲಿ ಲಾರಿಯ ಒಂದು ಬದಿಯ ಚಕ್ರಗಳು ರಸ್ತೆಯಂಚಿನ ಜಲ್ಲಿಗೆ ಇಳಿದವು. ಪಕ್ಕದಲ್ಲಿದ್ದ ಕ್ಲೀನರ್ ಕೂಗಿಕೊಂಡಾಗಲೇ ಅವರಿಗೆ ಎಚ್ಚರವಾದದ್ದು. "ಡಾಕ್ಟ್ರೇ, ಕಣ್ಣು ತೆರೆದೇ ಇತ್ತು" ಎಂದು ಅವರು ಪದೇ ಪದೇ ಹೇಳಿದರು, ಆದರೆ ಆಗಷ್ಟೇ ದಾಟಿದ ಸೇತುವೆಯ ನೆನಪೇ ಅವರಿಗಿರಲಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ 4 ಸೆಕೆಂಡು ತೂಕಡಿಸಿದರೂ ವಾಹನ 65 ಮೀಟರಿಗಿಂತ ಹೆಚ್ಚು ದೂರ ಚಾಲಕನಿಲ್ಲದೆ ಓಡಿದಂತೆಯೇ.

ಒಂದು ರಾತ್ರಿ ನಿದ್ರಾ ಪರೀಕ್ಷೆ ಮಾಡಿದೆವು. ಮರುದಿನ ಅವರಿಗೆ ತೋರಿಸಿದ ದಾಖಲೆಯಲ್ಲಿ ಉಸಿರಾಟದ ಅಲೆ 38 ಸೆಕೆಂಡು ಸಪಾಟಾಗಿತ್ತು. ಎದೆ ಮಾತ್ರ ಏಳುತ್ತ ಬೀಳುತ್ತ ಹೆಣಗುತ್ತಿತ್ತು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಹೋಗಿತ್ತು. ರಕ್ತದ ಆಮ್ಲಜನಕ ಶೇ 94ರಿಂದ 79ಕ್ಕೆ ಇಳಿದಾಗ ಮೆದುಳು ಅವರನ್ನು ಕ್ಷಣಕಾಲ ಎಬ್ಬಿಸಿತು, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳಿತು. ಇದು ಅವರಿಗೆ ನೆನಪಿರುವಷ್ಟು ದೀರ್ಘವಾದ ಎಚ್ಚರವಲ್ಲ. 7 ಗಂಟೆಯ ನಿದ್ದೆಯಲ್ಲಿ ಉಸಿರು ನಿಂತದ್ದು ಅಥವಾ ತೀರಾ ಕ್ಷೀಣಿಸಿದ್ದು 364 ಬಾರಿ, ಅಂದರೆ ಗಂಟೆಗೆ 52 ಸಲ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಹಜ, 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯಾ ಎನ್ನುತ್ತೇವೆ. ಅವರು ಮಲಗುತ್ತಿದ್ದರು, ಆದರೆ ಗಾಢ ನಿದ್ದೆ ಅವರಿಗೆ ದಕ್ಕುತ್ತಿರಲಿಲ್ಲ.

ಮಾಸ್ಕಿನ ಮೂಲಕ ಒತ್ತಡದ ಗಾಳಿ ಕಳಿಸಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟೆವು. ಮೂರು ವಾರಗಳ ನಂತರವೂ ತೂಕಡಿಕೆ ಕಡಿಮೆಯಾಗಿಲ್ಲ ಎಂದು ಅವರು ಬೇಸರದಿಂದ ಬಂದರು. ಯಂತ್ರದೊಳಗಿನ ದಾಖಲೆ ನೋಡಿದರೆ ಬಳಕೆ ರಾತ್ರಿಗೆ ಎರಡೇ ಗಂಟೆ! ಬಾಯಿ ತೆರೆದು ಮಲಗುತ್ತಿದ್ದುದರಿಂದ ಮೂಗಿನ ಮಾಸ್ಕಿನ ಗಾಳಿ ಬಾಯಿಯಿಂದ ಸೋರಿ ಗಂಟಲು ಒಣಗುತ್ತಿತ್ತು, ನಿದ್ದೆಗಣ್ಣಿನಲ್ಲೇ ಅವರು ಅದನ್ನು ಕಿತ್ತಿಡುತ್ತಿದ್ದರು. ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಮತ್ತು ಗಾಳಿಗೆ ತೇವ ಸೇರಿಸುವ ಭಾಗ ಕೊಟ್ಟ ಮೇಲೆ ಬಳಕೆ ಆರು ಗಂಟೆಗೆ ಏರಿತು. ಹಗಲಿನ ತೂಕಡಿಕೆ ನಿಂತಿದೆ ಎಂದು ಖಚಿತವಾಗುವವರೆಗೆ ಅವರು ಲಾರಿ ಹತ್ತಲಿಲ್ಲ. ಈಗ ಯಂತ್ರವನ್ನು ಲಾರಿಯಲ್ಲೇ ಒಯ್ಯುತ್ತಾರೆ.

ನೀವೂ ಪರೀಕ್ಷೆಯಾಗಿ ತೂಕಡಿಕೆ ಹತೋಟಿಗೆ ಬರುವವರೆಗೆ ದಯವಿಟ್ಟು ಲಾರಿ ಓಡಿಸಬೇಡಿ. ಕಾಫಿ, ಚಹಾ ಕುಡಿದರೆ ಸ್ವಲ್ಪ ಹೊತ್ತು ಎಚ್ಚರವಿರಬಹುದು, ಆದರೆ ಮುಚ್ಚುವ ಗಂಟಲು ಅದರಿಂದ ತೆರೆಯದು. ರಾತ್ರಿ ನೀವು ಮಲಗಿರುವಾಗ ನಿಮ್ಮ ಪತ್ನಿ ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೊ ತೆಗೆಯಲಿ. ಅದನ್ನು ನಿದ್ರಾ ತಜ್ಞರಿಗೆ ಅಥವಾ ಶ್ವಾಸಕೋಶ ತಜ್ಞರಿಗೆ ತೋರಿಸಿ.